ವರ್ಷಕ್ಕೆ ಶೇ. 2 ಹೆಚ್ಚು ಸ್ಟ್ರೋಕ್ ಆದರೂ ಪರವಾಗಿಲ್ಲವೇ? ನಾನ್-ಇನ್ಫೀರಿಯಾರಿಟಿ ಟ್ರಯಲ್‌ನ ಮಾರ್ಜಿನ್ ಪರೀಕ್ಷಿಸುವ ಬಗೆ

2005ರಲ್ಲಿ ಸ್ಪೋರ್ಟಿಫ್-5 ಎಂಬ ಟ್ರಯಲ್‌ನ ವರದಿ ಪ್ರಕಟವಾಯಿತು. ಹೃದಯದ ಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಇರುವ, ಅಮೆರಿಕ ಮತ್ತು ಕೆನಡಾದ 3,922 ರೋಗಿಗಳಲ್ಲಿ ಅರ್ಧ ಜನಕ್ಕೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹಳೆಯ ಔಷಧಿ ವಾರ್ಫರಿನ್, ಉಳಿದರ್ಧಕ್ಕೆ ಕ್ಸಿಮೆಲಗಾಟ್ರಾನ್ ಎಂಬ ಹೊಸ ಔಷಧಿ. ಯಾರಿಗೆ ಯಾವುದು ಸಿಗುತ್ತಿದೆಯೆಂದು ರೋಗಿಗೂ ವೈದ್ಯರಿಗೂ ತಿಳಿಯದ ಡಬಲ್ ಬ್ಲೈಂಡ್ ವಿನ್ಯಾಸ. ವಾರ್ಫರಿನ್ ಗುಂಪಿನಲ್ಲಿ 37 ಮಂದಿಗೆ ಸ್ಟ್ರೋಕ್ ಅಥವಾ ದೇಹದ ಬೇರೆಡೆ ರಕ್ತ ಹೆಪ್ಪುಗಟ್ಟಿದ ಎಂಬಾಲಿಸಂ ಆಯಿತು, ಹೊಸ ಔಷಧಿಯ ಗುಂಪಿನಲ್ಲಿ 51 ಮಂದಿಗೆ. ವರ್ಷದ ಲೆಕ್ಕದಲ್ಲಿ ಶೇ. 1.16 ಮತ್ತು ಶೇ. 1.61. ಆದರೂ ಟ್ರಯಲ್ ತನ್ನ ಗುರಿ ಮುಟ್ಟಿತು ಎಂದೇ ಬರೆಯಲಾಯಿತು: ಹೊಸ ಔಷಧಿ ವಾರ್ಫರಿನ್‌ಗಿಂತ ಕೀಳಲ್ಲ, ಅಂದರೆ ನಾನ್-ಇನ್ಫೀರಿಯರ್.

ಲೆಕ್ಕದಲ್ಲಿ ತಪ್ಪಿರಲಿಲ್ಲ. ಎರಡು ಗುಂಪುಗಳ ನಡುವಿನ ವ್ಯತ್ಯಾಸ 0.45 ಶೇಕಡಾ ಪಾಯಿಂಟ್, ಅದರ ಶೇ. 95 ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ, −0.13ರಿಂದ 1.03ರವರೆಗೆ. ಮೊದಲೇ ಹಾಕಿಕೊಂಡಿದ್ದ ಮಾರ್ಜಿನ್ ವರ್ಷಕ್ಕೆ 2 ಪಾಯಿಂಟ್. 1.03 ಎಂಬುದು 2ಕ್ಕಿಂತ ಚಿಕ್ಕದು, ಆದ್ದರಿಂದ ಪಾಸ್. ಪ್ರಶ್ನೆ ಇರುವುದು ಆ 2ರ ಬಗ್ಗೆ. ಅದು ಎಲ್ಲಿಂದ ಬಂತು, ಅದನ್ನು ಒಪ್ಪಬಹುದೇ ಎಂದು ಕೇಳದೆ ಇಂಥ ಟ್ರಯಲ್ ಓದಿದರೆ, ಓದಿದಂತಾಗುವುದು ಅದರ ಕೊನೆಯ ಸಾಲು ಮಾತ್ರ.

ಮಾರ್ಜಿನ್ ಏನನ್ನು ಕಾಯಬೇಕು

ಸಾಮಾನ್ಯ ಟ್ರಯಲ್‌ನಲ್ಲಿ ಹೊಸ ಔಷಧಿ ಹಳೆಯದಕ್ಕಿಂತ ಮೇಲು ಎಂದು ತೋರಿಸಬೇಕು. ನಾನ್-ಇನ್ಫೀರಿಯಾರಿಟಿ ಟ್ರಯಲ್‌ನಲ್ಲಿ ಅಷ್ಟು ಬೇಕಿಲ್ಲ. ಹೊಸದು ಸ್ವಲ್ಪ ಹಿಂದಿದ್ದರೂ ಸರಿ, ತೀರಾ ಹಿಂದಿಲ್ಲ ಎಂದು ತೋರಿಸಿದರೆ ಸಾಕು. ಎಷ್ಟು ಹಿಂದಿದ್ದರೆ ‘ತೀರಾ’ ಎಂಬುದನ್ನು ಸಂಖ್ಯೆಯಲ್ಲಿ ಹೇಳುವುದೇ ಮಾರ್ಜಿನ್. ಕಾನ್ಫಿಡೆನ್ಸ್ ಇಂಟರ್ವಲ್‌ನ ಕೆಟ್ಟ ತುದಿ, ಅಂದರೆ ದತ್ತಾಂಶಕ್ಕೆ ಹೊಂದುವ ಅತಿ ಕೆಟ್ಟ ಸಾಧ್ಯತೆ, ಈ ಗೆರೆಯ ಒಳಗೇ ಉಳಿಯಬೇಕು.

ಇಲ್ಲೊಂದು ತೊಡಕಿದೆ. ಈ ಟ್ರಯಲ್‌ಗಳಲ್ಲಿ ಪ್ಲಸೀಬೊ ಗುಂಪು ಇರುವುದಿಲ್ಲ. ವಾರ್ಫರಿನ್ ಸ್ಟ್ರೋಕ್ ತಡೆಯುತ್ತದೆ ಎಂದು ಗೊತ್ತಿರುವಾಗ ಸಾವಿರಾರು ರೋಗಿಗಳಿಗೆ ಸಕ್ಕರೆ ಮಾತ್ರೆ ಕೊಟ್ಟು ಕಾಯುವುದು ನೈತಿಕವಾಗಿ ಸಾಧ್ಯವಿಲ್ಲ. ಹಾಗಾಗಿ ಹೊಸ ಔಷಧಿ ನಿಜವಾಗಿ ಕೆಲಸ ಮಾಡುತ್ತದೆಯೇ ಎಂಬುದಕ್ಕೆ ಟ್ರಯಲ್‌ನ ಒಳಗೆ ನೇರ ಪುರಾವೆ ಸಿಗುವುದಿಲ್ಲ. ವಾರ್ಫರಿನ್‌ಗೂ ಪ್ಲಸೀಬೊಗೂ ಹಿಂದೆ ಕಂಡಿದ್ದ ಅಂತರವನ್ನು ಹಳೆಯ ಅಧ್ಯಯನಗಳಿಂದ ಎರವಲು ತಂದು, ಹೊಸ ಔಷಧಿ ಆ ಅಂತರವನ್ನು ಪೂರ್ತಿ ಕಳೆದುಕೊಂಡಿಲ್ಲ ಎಂದು ತೋರಿಸಬೇಕಾಗುತ್ತದೆ. ಆ ಅಂತರಕ್ಕಿಂತ ಮಾರ್ಜಿನ್ ದೊಡ್ಡದಾದರೆ ಏನೂ ಕೆಲಸ ಮಾಡದ ಮಾತ್ರೆಯೂ ಪಾಸಾಗಬಹುದು. ಮಾರ್ಜಿನ್‌ಗೆ ಹಾಕಬೇಕಾದ ಮೊದಲ ಪರೀಕ್ಷೆಯೇ ಇದು, ಮತ್ತು ಆಶ್ಚರ್ಯವಾಗುವಷ್ಟು ಸಲ ಇದನ್ನು ಯಾರೂ ಹಾಕಿರುವುದಿಲ್ಲ.

ವಾರ್ಫರಿನ್ ಲೆಕ್ಕ, ಕೈಯಲ್ಲೇ

ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ವಾರ್ಫರಿನ್ ಮತ್ತು ಪ್ಲಸೀಬೊ ಹೋಲಿಸಿದ ಆರು ಹಳೆಯ ಟ್ರಯಲ್‌ಗಳಿವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅವನ್ನು ಒಟ್ಟುಗೂಡಿಸಿ ನೋಡಿದಾಗ ವಾರ್ಫರಿನ್ ತೆಗೆದುಕೊಂಡವರ ಅಪಾಯ ಪ್ಲಸೀಬೊದವರ ಅಪಾಯದ 0.361ರಷ್ಟು ಎಂದು ಬಂತು, ಇಂಟರ್ವಲ್ 0.248ರಿಂದ 0.527. ಅಂದರೆ ಸರಾಸರಿ ಅಂದಾಜಿನಲ್ಲಿ ಸ್ಟ್ರೋಕ್ ಅಪಾಯ ಶೇ. 64ರಷ್ಟು ಇಳಿಯುತ್ತದೆ. ಆದರೆ ಮಾರ್ಜಿನ್ ಕಟ್ಟುವಾಗ ಈ ಸರಾಸರಿಯನ್ನು ನೆಚ್ಚಬಾರದು. ಅದೃಷ್ಟವಶಾತ್ ಹಳೆಯ ಟ್ರಯಲ್‌ಗಳು ಕೊಂಚ ಹೆಚ್ಚು ಲಾಭ ತೋರಿಸಿರಬಹುದು. ಅದಕ್ಕೇ ಇಂಟರ್ವಲ್‌ನ ಅತಿ ಕಡಿಮೆ ಲಾಭದ ತುದಿ, 0.527 ಅನ್ನು ತೆಗೆದುಕೊಳ್ಳುತ್ತಾರೆ: ವಾರ್ಫರಿನ್ ಕನಿಷ್ಠ ಇಷ್ಟಾದರೂ ಮಾಡುತ್ತದೆ ಎಂದು ಧೈರ್ಯವಾಗಿ ಹೇಳಬಹುದಾದ ಮಟ್ಟ ಅದು.

ಈಗ ಅದನ್ನು ತಿರುಗಿಸಿ ನೋಡೋಣ. ವಾರ್ಫರಿನ್ ಬಿಟ್ಟು ಏನೂ ತೆಗೆದುಕೊಳ್ಳದಿದ್ದರೆ ಅಪಾಯ ಎಷ್ಟು ಪಟ್ಟು ಆಗುತ್ತದೆ?

```
1 / 0.527 = 1.898
```

ಈ 1.898 ಎಂಬುದಕ್ಕೆ ಎಂ1 ಎನ್ನುತ್ತಾರೆ. ಹೊಸ ಔಷಧಿಯಲ್ಲಿ ಅಪಾಯ ವಾರ್ಫರಿನ್‌ನ 1.9 ಪಟ್ಟು ಇರಬಹುದು ಎಂಬ ಸಾಧ್ಯತೆಯನ್ನು ಟ್ರಯಲ್ ತಳ್ಳಿಹಾಕಲಾಗದಿದ್ದರೆ, ಅದು ಪ್ಲಸೀಬೊಗಿಂತ ಮೇಲೆಂದು ಹೇಳಲೂ ಆಗುವುದಿಲ್ಲ.

ಎಂ1 ಬರೀ ತಳಮಟ್ಟ. ಪ್ಲಸೀಬೊಗಿಂತ ಒಂದು ಕೂದಲೆಳೆ ಮೇಲಿರುವ ಔಷಧಿಗಾಗಿ ಯಾರೂ ವಾರ್ಫರಿನ್ ಬಿಡುವುದಿಲ್ಲ. ಹಳೆಯ ಔಷಧಿಯ ಲಾಭದಲ್ಲಿ ಎಷ್ಟು ಪಾಲು ಉಳಿಯಲೇಬೇಕು ಎಂದು ವೈದ್ಯಕೀಯ ವಿವೇಚನೆಯಿಂದ ತೀರ್ಮಾನಿಸಿದಾಗ ಸಿಗುವುದು ಎಂ2. ಹೃದಯರೋಗ ಕ್ಷೇತ್ರದಲ್ಲಿ ಅರ್ಧವಾದರೂ ಉಳಿಯಲಿ ಎನ್ನುವುದು ರೂಢಿ. ಅನುಪಾತಗಳನ್ನು ಲಾಗ್ ಮಾಪಕದಲ್ಲಿ ಅರ್ಧ ಮಾಡುವುದೆಂದರೆ ಸರಳವಾಗಿ ವರ್ಗಮೂಲ ತೆಗೆಯುವುದು, 1.898ರ ವರ್ಗಮೂಲ 1.378. ಲಾಗ್ ಬಿಟ್ಟು ನೇರವಾಗಿ 0.898ರ ಅರ್ಧ ತೆಗೆದುಕೊಂಡರೆ ಸುಮಾರು 1.45 ಬರುತ್ತದೆ. ನಂತರದ ಟ್ರಯಲ್‌ಗಳು ಈ ಆಸುಪಾಸಿನಲ್ಲೇ ನಿಂತವು: ಡಾಬಿಗಾಟ್ರಾನ್‌ನ ರೀ-ಲೈ ಮತ್ತು ರಿವರೋಕ್ಸಬಾನ್‌ನ ರಾಕೆಟ್ ಎಎಫ್ 1.46 ಇಟ್ಟುಕೊಂಡವು, ಎಪಿಕ್ಸಬಾನ್‌ನ ಅರಿಸ್ಟಾಟಲ್ 1.38. ಅರ್ಧ ಎಂಬುದೂ ದೈವವಾಣಿಯೇನಲ್ಲ. ಸಾವೇ ಮುಖ್ಯ ಫಲಿತಾಂಶವಾಗಿರುವ ಕಡೆ ಅರ್ಧ ಲಾಭ ಬಿಟ್ಟುಕೊಡುವುದು ಬಹಳ ಹೆಚ್ಚು ಎನಿಸಬಹುದು. ಎರಡು ದಿನ ಹೆಚ್ಚು ಕೆಮ್ಮು ಎಂಬಂಥ ಫಲಿತಾಂಶದಲ್ಲಿ ಅರ್ಧಕ್ಕಿಂತ ಹೆಚ್ಚು ಬಿಟ್ಟರೂ ನಡೆದೀತು.

ಆ 2 ಪಾಯಿಂಟ್ ಎಲ್ಲಿ ಜಾರಿತು

ಸ್ಪೋರ್ಟಿಫ್ ಟ್ರಯಲ್‌ಗಳನ್ನು ರೂಪಿಸುವಾಗ ವಾರ್ಫರಿನ್ ಗುಂಪಿನಲ್ಲಿ ವರ್ಷಕ್ಕೆ ಶೇ. 3.1 ಘಟನೆಗಳಾಗಬಹುದು ಎಂದು ಊಹಿಸಿದ್ದರು. ಆ ಊಹೆಯ ಮೇಲೆ 2 ಪಾಯಿಂಟ್ ಮಾರ್ಜಿನ್ ಎಂದರೆ ಶೇ. 3.1ರ ಬದಲು ಶೇ. 5.1ರವರೆಗೆ ಸಹಿಸಬಹುದು ಎಂದರ್ಥ, ಅನುಪಾತದಲ್ಲಿ 1.65 ಪಟ್ಟು. 1.898ರ ಒಳಗೇ ಇದೆ. ಲಾಗ್ ಮಾಪಕದಲ್ಲಿ ಲೆಕ್ಕ ಹಾಕಿದರೆ ವಾರ್ಫರಿನ್‌ನ ಲಾಭದಲ್ಲಿ ಸುಮಾರು ಶೇ. 22 ಮಾತ್ರ ಉಳಿಯುವ ಖಾತ್ರಿ ಇದರಲ್ಲಿತ್ತು. ಉದಾರ ಮಾರ್ಜಿನ್ ಹೌದು, ಅಸಂಬದ್ಧ ಅಲ್ಲ.

ಆದರೆ ಟ್ರಯಲ್ ಮುಗಿದಾಗ ವಾರ್ಫರಿನ್ ಗುಂಪಿನ ದರ ಶೇ. 3.1 ಇರಲಿಲ್ಲ, ಶೇ. 1.16 ಇತ್ತು. ಮಾರ್ಜಿನ್ ಮಾತ್ರ 2ರಲ್ಲೇ ನಿಂತಿತ್ತು. ಈಗ ಅದರ ಅರ್ಥ ಶೇ. 1.16ರ ಬದಲು ಶೇ. 3.16ರವರೆಗೆ, ಅಂದರೆ 2.7 ಪಟ್ಟು ಅಪಾಯವನ್ನೂ ಒಪ್ಪಬಹುದು ಎಂದಾಯಿತು. ಎಂ1 ಇರುವುದು 1.9ರಲ್ಲಿ. ಟ್ರಯಲ್ ನಡೆಯುತ್ತಾ ನಡೆಯುತ್ತಾ ಮಾರ್ಜಿನ್, ಯಾರೂ ಮುಟ್ಟದೆಯೇ, ಪ್ಲಸೀಬೊವನ್ನೂ ಒಳಗೆ ಬಿಡುವಷ್ಟು ಅಗಲವಾಗಿಬಿಟ್ಟಿತ್ತು.

ಇದನ್ನೇ ಪಾಯಿಂಟ್‌ಗಳಲ್ಲಿ ಇನ್ನೊಮ್ಮೆ ನೋಡಿದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ.

```
M1: 1.16 × 1.898 − 1.16 = 1.04
M2: 1.16 × 1.378 − 1.16 = 0.44
```

ಶೇ. 1.16 ದರವಿರುವ ರೋಗಿಗಳಲ್ಲಿ ವಾರ್ಫರಿನ್‌ನಿಂದ ಧೈರ್ಯವಾಗಿ ಹೇಳಬಹುದಾದ ಒಟ್ಟು ಲಾಭ ವರ್ಷಕ್ಕೆ ಸುಮಾರು 1.04 ಪಾಯಿಂಟ್. ಮಾರ್ಜಿನ್ ಅದರ ಎರಡು ಪಟ್ಟು. ಟ್ರಯಲ್‌ನ ಇಂಟರ್ವಲ್‌ನ ಮೇಲ್ತುದಿ 1.03, ಹೆಚ್ಚುಕಡಿಮೆ ಆ ಪೂರ್ಣ ಲಾಭದಷ್ಟೇ. ಅರ್ಧ ಲಾಭ ಉಳಿಯಬೇಕೆಂದರೆ ಗೆರೆ 0.44ರಲ್ಲಿರಬೇಕಿತ್ತು, ಕಂಡ ವ್ಯತ್ಯಾಸವೇ 0.45. ಅನುಪಾತದಲ್ಲಿ ನೋಡಿದರೂ ಅದೇ ಕಥೆ: 1.39, ಇಂಟರ್ವಲ್ 0.91ರಿಂದ 2.12. ಮೇಲ್ತುದಿ ಎಂ1ನ್ನೂ ದಾಟಿದೆ. ತನ್ನ ಮಾರ್ಜಿನ್‌ಗೆ ಪಾಸಾದ ಟ್ರಯಲ್ ಸಮರ್ಥನೀಯ ಮಾರ್ಜಿನ್ ಎದುರು ನಿಲ್ಲಲಾಗದೆ ಹೋಯಿತು. ಎಫ್‌ಡಿಎ ಈ ಔಷಧಿಗೆ ಒಪ್ಪಿಗೆ ಕೊಡಲಿಲ್ಲ. ಯಕೃತ್ತಿಗೆ ಹಾನಿಯಾದಾಗ ರಕ್ತದಲ್ಲಿ ಏರುವ ಎಎಲ್‌ಟಿ ಎಂಬ ಕಿಣ್ವದ ಮಟ್ಟ ಸುಮಾರು ಶೇ. 6 ರೋಗಿಗಳಲ್ಲಿ ಸಾಮಾನ್ಯ ಮಿತಿಯ ಮೂರು ಪಟ್ಟಿಗಿಂತ ಮೇಲೇರಿದ್ದೂ ದೊಡ್ಡ ಕಾರಣ. 2006ರಲ್ಲಿ ಕಂಪನಿ ಅದನ್ನು ಬೇರೆ ದೇಶಗಳ ಮಾರುಕಟ್ಟೆಯಿಂದಲೂ ಹಿಂತೆಗೆದುಕೊಂಡಿತು.

ಹಾಗಾಗಿ ಓದುವಾಗ ಮಾಡಬೇಕಾದ ಮೊದಲ ಕೆಲಸ ಹೀಗೆ: ವಿಧಾನದ ವಿಭಾಗದಲ್ಲಿ ಮಾರ್ಜಿನ್ ಪಾಯಿಂಟ್‌ಗಳಲ್ಲಿದೆಯೋ ಅನುಪಾತದಲ್ಲಿದೆಯೋ ನೋಡಿ. ಪಾಯಿಂಟ್‌ಗಳಲ್ಲಿದ್ದರೆ ಊಹಿಸಿದ ಘಟನೆಯ ದರ ಹುಡುಕಿ. ಸಾಮಾನ್ಯವಾಗಿ ಅದು ಸ್ಯಾಂಪಲ್ ಗಾತ್ರದ ಲೆಕ್ಕದ ಪ್ಯಾರಾದಲ್ಲಿರುತ್ತದೆ. ಆಮೇಲೆ ಫಲಿತಾಂಶದ ಕೋಷ್ಟಕದಲ್ಲಿ ಹಳೆಯ ಔಷಧಿಯ ಗುಂಪಿನಲ್ಲಿ ನಿಜಕ್ಕೂ ಆದ ದರ ತೆಗೆದುಕೊಳ್ಳಿ. ಅದು ಊಹೆಗಿಂತ ಬಹಳ ಕಡಿಮೆಯಿದ್ದರೆ ಮಾರ್ಜಿನ್ ಅನ್ನು ಆ ನಿಜದರಕ್ಕೆ ಕೂಡಿಸಿ, ಅದೇ ದರದಿಂದ ಭಾಗಿಸಿ. ಬಂದ ಅನುಪಾತವನ್ನು ಎಂ1ರ ಪಕ್ಕದಲ್ಲಿಡಿ. ಎರಡು ನಿಮಿಷದ ಕೆಲಸ, ಮೊಬೈಲ್‌ನ ಕ್ಯಾಲ್ಕ್ಯುಲೇಟರ್ ಸಾಕು.

ಅನುಪಾತದ ಮಾರ್ಜಿನ್‌ಗಳಿಗೆ ಈ ರೋಗವಿಲ್ಲ, ಆದರೆ ಬೆಲೆ ತೆರಬೇಕಾಗುತ್ತದೆ. 1.378 ಮಾರ್ಜಿನ್‌ನಲ್ಲಿ, ಎರಡು ಔಷಧಿಗಳೂ ನಿಜವಾಗಿ ಸಮಾನವಾಗಿದ್ದರೆ, ಶೇ. 90 ಪವರ್‌ಗಾಗಿ, ಅಂದರೆ ಹತ್ತರಲ್ಲಿ ಒಂಬತ್ತು ಸಲ ಟ್ರಯಲ್ ಅದನ್ನು ತೋರಿಸಬೇಕಾದರೆ, ಸುಮಾರು 410 ಘಟನೆಗಳು ಬೇಕು. ಎಂ1ನ್ನು ಮಾತ್ರ ತಳ್ಳಿಹಾಕುವುದಕ್ಕೂ ನೂರಕ್ಕೆ ಮೇಲೆ ಬೇಕು. ಸ್ಪೋರ್ಟಿಫ್-5ರಲ್ಲಿ ಇದ್ದದ್ದು ಒಟ್ಟು 88. ಮಾರ್ಜಿನ್ ಅರ್ಧವಾದರೆ ಬೇಕಾದ ಘಟನೆಗಳು ಸುಮಾರು ನಾಲ್ಕು ಪಟ್ಟಾಗುತ್ತವೆ. ಅಗಲ ಮಾರ್ಜಿನ್‌ಗಳ ಹಿಂದೆ ಹಲವು ಸಲ ಇರುವುದು ವೈದ್ಯಕೀಯ ತರ್ಕವಲ್ಲ, ಬಜೆಟ್ ಎಂಬ ಅನುಮಾನ ನನ್ನದು. ಮುಂದೆ ರೀ-ಲೈ 18,113, ರಾಕೆಟ್ 14,264, ಅರಿಸ್ಟಾಟಲ್ 18,201 ರೋಗಿಗಳನ್ನು ಸೇರಿಸಿಕೊಂಡದ್ದು ಸುಮ್ಮನೆ ಅಲ್ಲ.

ಎರವಲು ತಂದ ಲಾಭ ಇಂದೂ ಇದೆಯೇ

1.898 ಎಂಬ ಸಂಖ್ಯೆ ಹಳೆಯ ಟ್ರಯಲ್‌ಗಳದು. ಇಂದಿನ ಟ್ರಯಲ್‌ನಲ್ಲಿ ವಾರ್ಫರಿನ್ ಅದೇ ಪ್ರಮಾಣದಲ್ಲಿ ಕೆಲಸ ಮಾಡಿರಬೇಕು, ಇಲ್ಲದಿದ್ದರೆ ಎರವಲು ಲೆಕ್ಕ ಕುಸಿಯುತ್ತದೆ. ವಾರ್ಫರಿನ್ ವಿಷಯದಲ್ಲಿ ಇದನ್ನು ಅಳೆಯಲು ಒಳ್ಳೆಯ ಸಾಧನವಿದೆ. ಈ ಔಷಧಿಯ ಪರಿಣಾಮ ಐಎನ್‌ಆರ್ ಎಂಬ ರಕ್ತಪರೀಕ್ಷೆಯಲ್ಲಿ 2ರಿಂದ 3ರ ನಡುವೆ ಇರಬೇಕು. ಒಟ್ಟು ಅವಧಿಯಲ್ಲಿ ಎಷ್ಟು ಭಾಗ ಆ ವ್ಯಾಪ್ತಿಯಲ್ಲಿ ಕಳೆಯಿತು ಎಂಬುದನ್ನು ಟಿಟಿಆರ್ ಎಂದು ವರದಿ ಮಾಡುತ್ತಾರೆ. ಸ್ಪೋರ್ಟಿಫ್-5ರಲ್ಲಿ ಅದು ಶೇ. 68, ಚೆನ್ನಾಗಿಯೇ ಇತ್ತು. ರಾಕೆಟ್ ಎಎಫ್‌ನಲ್ಲಿ ಸರಾಸರಿ ಶೇ. 55, ಭಾರತದ ಕೇಂದ್ರಗಳಲ್ಲಿ ಶೇ. 36ರ ಹತ್ತಿರ. ಹಳೆಯ ಔಷಧಿಯನ್ನು ಅರೆಬರೆಯಾಗಿ ಕೊಟ್ಟಾಗ ಅದಕ್ಕಿಂತ ಕೀಳಲ್ಲ ಎಂದು ತೋರಿಸುವುದು ಸುಲಭ. ರಾಕೆಟ್ ಫಲಿತಾಂಶ ಇದರಿಂದ ಬಿದ್ದುಹೋಗುವುದಿಲ್ಲ: ಐಟಿಟಿ ಲೆಕ್ಕದಲ್ಲಿ ಅನುಪಾತ 0.88, ಮೇಲ್ತುದಿ 1.03, ಇದು 1.38ಕ್ಕಿಂತಲೂ ಬಹಳ ಕೆಳಗಿದೆ. ಆದರೆ ಐಎನ್‌ಆರ್ ಚೆನ್ನಾಗಿ ಹಿಡಿತದಲ್ಲಿರುವ ರೋಗಿಗೆ ಔಷಧಿ ಬದಲಿಸಬೇಕೆ ಎಂದು ಯೋಚಿಸುವಾಗ ಈ ಶೇ. 55 ನೆನಪಿರಬೇಕು.

ಮೇಲೆ ಐಟಿಟಿ ಎಂದದ್ದು ಇಂಟೆನ್ಷನ್-ಟು-ಟ್ರೀಟ್: ಚೀಟಿ ಎತ್ತಿದಂತೆ ಯಾವ ಗುಂಪು ಬಂತೋ, ಔಷಧಿ ಬಿಟ್ಟರೂ ಬದಲಿಸಿದರೂ ಅದೇ ಗುಂಪಿನಲ್ಲಿ ಎಣಿಸುವುದು. ಸಾಮಾನ್ಯ ಟ್ರಯಲ್‌ನಲ್ಲಿ ಇದೇ ಎಚ್ಚರದ ದಾರಿ. ಇಲ್ಲಿ ಅದು ತಿರುವು ತೆಗೆದುಕೊಳ್ಳುತ್ತದೆ. ಎರಡೂ ಗುಂಪಿನಲ್ಲಿ ಬಹಳ ಮಂದಿ ಔಷಧಿ ಬಿಟ್ಟಿದ್ದರೆ ಎರಡು ಗುಂಪುಗಳೂ ಒಂದೇ ತರಹ ಕಾಣತೊಡಗುತ್ತವೆ, ಮತ್ತು ಒಂದೇ ತರಹ ಕಾಣುವುದೇ ಈ ಟ್ರಯಲ್‌ಗೆ ಗೆಲುವು. ಹಾಗೆಂದು ಔಷಧಿ ಸರಿಯಾಗಿ ತೆಗೆದುಕೊಂಡವರನ್ನಷ್ಟೇ ಎಣಿಸುವ ಪರ್-ಪ್ರೋಟೋಕಾಲ್ ಲೆಕ್ಕ ಸಂಪೂರ್ಣ ಸುರಕ್ಷಿತವೂ ಅಲ್ಲ, ಏಕೆಂದರೆ ಔಷಧಿ ಬಿಟ್ಟವರು ಬಿಡಲು ಕಾರಣವಿರುತ್ತದೆ. ಎರಡನ್ನೂ ನೋಡಿ. ಎರಡೂ ಒಂದೇ ಮಾತು ಹೇಳಿದರೆ ನೆಮ್ಮದಿ. ಬೇರೆ ಬೇರೆ ಹೇಳಿದರೆ ಔಷಧಿ ಬಿಟ್ಟವರ ಸಂಖ್ಯೆ ಮತ್ತು ಕಾರಣಗಳ ಕೋಷ್ಟಕಕ್ಕೆ ಹೋಗಿ.

ಕುರುಡು ವಿನ್ಯಾಸದ ಬಗ್ಗೆಯೂ ಒಂದು ಮಾತು. ಸ್ಪೋರ್ಟಿಫ್-5ಕ್ಕೆ ಮುಂಚೆ 2003ರಲ್ಲಿ ಬಂದ ಸ್ಪೋರ್ಟಿಫ್-3ರಲ್ಲಿ ಅದೇ ಔಷಧಿ, ಅದೇ ಮಾರ್ಜಿನ್, ಆದರೆ ಯಾರಿಗೆ ಯಾವ ಔಷಧಿ ಎಂಬುದು ರೋಗಿಗೂ ವೈದ್ಯರಿಗೂ ಗೊತ್ತಿತ್ತು. ಅಲ್ಲಿ ಹೊಸ ಔಷಧಿಯಲ್ಲಿ ವರ್ಷಕ್ಕೆ ಶೇ. 1.6, ವಾರ್ಫರಿನ್‌ನಲ್ಲಿ ಶೇ. 2.3. ದಿಕ್ಕೇ ಉಲ್ಟಾ. ಅವಳಿ ಟ್ರಯಲ್‌ಗಳು ಹೀಗೆ ಬೇರೆ ಬೇರೆ ಕಡೆ ಬೆರಳು ತೋರಿಸಿದಾಗ, ಡಬಲ್ ಬ್ಲೈಂಡ್ ಆಗಿದ್ದರ ಮಾತಿಗೆ ಹೆಚ್ಚು ತೂಕ ಕೊಡಬೇಕಾಗುತ್ತದೆ.

ಬಿಟ್ಟುಕೊಟ್ಟದ್ದಕ್ಕೆ ಸಿಕ್ಕಿದ್ದೇನು

ಅಂಕಿಸಂಖ್ಯೆಯ ಪರೀಕ್ಷೆ ದಾಟಿದ ಮೇಲೂ ಮಾರ್ಜಿನ್ ವೈದ್ಯಕೀಯವಾಗಿ ಒಪ್ಪುವಂಥದ್ದೇ ಎಂಬ ಪ್ರಶ್ನೆ ಉಳಿಯುತ್ತದೆ. ಇದಕ್ಕೆ ಸೂತ್ರವಿಲ್ಲ, ಆದರೆ ಸಾವಿರ ರೋಗಿಗಳ ಭಾಷೆಗೆ ತಂದರೆ ತೂಗುವುದು ಸುಲಭ. 2 ಪಾಯಿಂಟ್ ಎಂದರೆ ಸಾವಿರ ರೋಗಿಗಳಲ್ಲಿ ವರ್ಷಕ್ಕೆ 20 ಹೆಚ್ಚುವರಿ ಸ್ಟ್ರೋಕ್. ಐಎನ್‌ಆರ್ ಪರೀಕ್ಷೆಗೆ ಅಲೆಯುವುದು ತಪ್ಪುತ್ತದೆ, ಊಟದ ಸೊಪ್ಪಿನ ಬಗ್ಗೆ ಲೆಕ್ಕಾಚಾರ ಬೇಡ ಎಂಬ ಅನುಕೂಲಕ್ಕಾಗಿ ಯಾವ ರೋಗಿ ಇದಕ್ಕೆ ಒಪ್ಪಿಯಾರು? ಸ್ಪೋರ್ಟಿಫ್-5ರಲ್ಲಿ ನಿಜಕ್ಕೂ ಕಂಡದ್ದನ್ನು ಹೀಗೇ ಬರೆದರೆ: ಸಾವಿರಕ್ಕೆ ನಾಲ್ಕೈದು ಹೆಚ್ಚುವರಿ ಘಟನೆಗಳು, ಹತ್ತರವರೆಗೂ ಇರಬಹುದು. ಎದುರಿಗೆ, ದೊಡ್ಡ ರಕ್ತಸ್ರಾವ ವರ್ಷಕ್ಕೆ ಶೇ. 3.1ರಿಂದ 2.4ಕ್ಕೆ ಇಳಿಯಿತು, ಅಂದರೆ ಸಾವಿರಕ್ಕೆ ಏಳು ಕಡಿಮೆ. ಆದರೆ ಈ ವ್ಯತ್ಯಾಸ ಅಂಕಿಸಂಖ್ಯೆಯ ದೃಷ್ಟಿಯಿಂದ ಗಟ್ಟಿಯಲ್ಲ. ಶಾಶ್ವತ ಪಾರ್ಶ್ವವಾಯುವಿಗೂ ರಕ್ತ ಕೊಟ್ಟು ಸರಿಪಡಿಸಬಹುದಾದ ಜಠರದ ರಕ್ತಸ್ರಾವಕ್ಕೂ ಸಮಾನ ತೂಕ ಹಾಕಲಾಗದು. ಯಕೃತ್ತಿನ ಪರೀಕ್ಷೆ ಪದೇಪದೇ ಮಾಡಿಸಬೇಕಾಗುತ್ತಿದ್ದುದರಿಂದ, ಪರೀಕ್ಷೆ ತಪ್ಪುತ್ತದೆ ಎಂಬ ಅನುಕೂಲವೂ ಪೂರ್ತಿ ಉಳಿಯಲಿಲ್ಲ.

ಮಾರ್ಜಿನ್ ಅಗಲವಾಗಿದ್ದ ಮಾತ್ರಕ್ಕೆ ಟ್ರಯಲ್ ಎಸೆಯಬೇಕಿಲ್ಲ ಎಂಬುದಕ್ಕೆ ಶೈನ್ ಟ್ರಯಲ್ ನೋಡಬಹುದು. ತೀವ್ರವಲ್ಲದ ಕ್ಷಯ ಇರುವ ಮಕ್ಕಳಿಗೆ ಆರು ತಿಂಗಳ ಬದಲು ನಾಲ್ಕು ತಿಂಗಳ ಚಿಕಿತ್ಸೆ ಸಾಕೇ ಎಂದು ಉಗಾಂಡಾ, ಜಾಂಬಿಯಾ, ದಕ್ಷಿಣ ಆಫ್ರಿಕಾ ಮತ್ತು ಭಾರತದ 1,204 ಮಕ್ಕಳಲ್ಲಿ ನೋಡಿದ ಅಧ್ಯಯನ. ವರದಿ 2022ರಲ್ಲಿ ಬಂತು. ಇಲ್ಲಿ ಎಂ1 ಎಂದರೆ ಇಡೀ ಚಿಕಿತ್ಸೆಯ ಲಾಭವಲ್ಲ, ಕೈಬಿಡುವ ಕೊನೆಯ ಎರಡು ತಿಂಗಳ ಲಾಭ. ಅವಧಿ ಕಡಿತದ ಟ್ರಯಲ್‌ಗಳಲ್ಲಿ ಬಹಳ ಮಂದಿ ಇಲ್ಲೇ ಎಡವುತ್ತಾರೆ. ಶೇ. 8 ಮಕ್ಕಳಲ್ಲಿ ಚಿಕಿತ್ಸೆ ಫಲಿಸದೆ ಹೋಗಬಹುದೆಂದು ಊಹಿಸಿ 6 ಪಾಯಿಂಟ್ ಮಾರ್ಜಿನ್ ಇಟ್ಟಿದ್ದರು. ಆದದ್ದು ಎರಡೂ ಗುಂಪಿನಲ್ಲಿ ಸುಮಾರು ಶೇ. 3. ಅಂದರೆ ಮಾರ್ಜಿನ್ ಇಲ್ಲೂ ಹಿಗ್ಗಿತು, ಶೇ. 3ರ ಬದಲು ಶೇ. 9, ಮೂರು ಪಟ್ಟು ಒಪ್ಪುವಂತಾಯಿತು. ಆದರೆ ವ್ಯತ್ಯಾಸದ ಇಂಟರ್ವಲ್ −2.2ರಿಂದ 1.5ರವರೆಗೆ ಮಾತ್ರ. 6 ಪಾಯಿಂಟ್ ಅನ್ನು ಅಳಿಸಿ 2 ಎಂದು ಬರೆದಿದ್ದರೂ ಈ ಟ್ರಯಲ್ ಪಾಸಾಗುತ್ತಿತ್ತು. ಅತಿ ಕೆಟ್ಟ ಸಾಧ್ಯತೆಯಲ್ಲಿ ನೂರು ಮಕ್ಕಳಲ್ಲಿ ಒಂದೋ ಎರಡೋ ಹೆಚ್ಚು ಮಕ್ಕಳಿಗೆ ಮತ್ತೆ ಚಿಕಿತ್ಸೆ ಬೇಕಾದೀತು, ಪ್ರತಿಯಾಗಿ ನೂರೂ ಮಕ್ಕಳಿಗೆ ಎರಡು ತಿಂಗಳ ಮಾತ್ರೆ ತಪ್ಪುತ್ತದೆ. ಲೇಖಕರ ಮಾರ್ಜಿನ್ ಒಪ್ಪಿಗೆಯಾಗದಿದ್ದಾಗ ನಿಮ್ಮದೇ ಮಾರ್ಜಿನ್ ಅನ್ನು, ಫಲಿತಾಂಶ ನೋಡುವ ಮುಂಚೆಯೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಆಮೇಲೆ ಇಂಟರ್ವಲ್‌ನ ಪಕ್ಕದಲ್ಲಿಡಿ. ಫಲಿತಾಂಶ ನೋಡಿದ ಮೇಲೆ ಆರಿಸಿದ ಮಾರ್ಜಿನ್‌ಗೆ, ಅದು ನಿಮ್ಮದಾಗಿರಲಿ ಲೇಖಕರದ್ದಾಗಿರಲಿ, ಬೆಲೆಯಿಲ್ಲ. ಲೇಖಕರು ಹಾಗೆ ಮಾಡಿದ್ದಾರೆಯೇ ಎಂದು ತಿಳಿಯಲು ಟ್ರಯಲ್ ನೋಂದಣಿಯಲ್ಲಿರುವ ಮೂಲ ಪ್ರೋಟೋಕಾಲ್‌ನ ಮಾರ್ಜಿನ್ ಮತ್ತು ಅದರ ತಿದ್ದುಪಡಿಗಳ ದಿನಾಂಕವನ್ನು ಪ್ರಕಟಿತ ಲೇಖನದ ಜೊತೆ ಹೋಲಿಸಿ.